ನಮ್ಮ ಹಳ್ಳದ ನೀರನ್ನು ಅಳೆದದ್ದು: ಆರು ಮನೆಗಳ ಕಿರು ಜಲವಿದ್ಯುತ್ತಿನ ಲೆಕ್ಕ

ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿರುವ ನಮ್ಮ ಕೇರಿಯಲ್ಲಿ ಇರುವುದು ಆರೇ ಮನೆಗಳು. ಕಾಳಿ ನದಿಯ ಅಣೆಕಟ್ಟುಗಳೂ ನಾಗಝರಿಯ ವಿದ್ಯುದಾಗಾರವೂ ಇರುವ ಜಿಲ್ಲೆ ನಮ್ಮದು. ಕಂಬದ ಲೈನೂ ನಮ್ಮ ಕೇರಿಗೆ ಬಂದಿದೆ. ಆದರೆ ಆ ಲೈನು ನಾಲ್ಕು ಕಿಲೋಮೀಟರ್ ಕಾಡಿನೊಳಗೆ ಹಾದು ಬರುವುದರಿಂದ, ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ಹತ್ತು ಹನ್ನೆರಡು ದಿನ ಕತ್ತಲಲ್ಲೇ ಕಳೆಯಬೇಕಾಗುತ್ತದೆ. ಮನೆಗಳ ಹಿಂದಿನ ಬೆಟ್ಟದಿಂದ ಇಳಿದು ಅಡಿಕೆ ತೋಟದ ಪಕ್ಕದಲ್ಲಿ ಹರಿಯುವ ಹಳ್ಳದಿಂದ ವಿದ್ಯುತ್ ತೆಗೆಯಬಹುದೇ ಎಂಬ ಮಾತು ಹಲವು ವರ್ಷಗಳಿಂದ ನಡೆಯುತ್ತಿತ್ತು. ಒಂದು ಸೆಪ್ಟೆಂಬರಿನಲ್ಲಿ ಟರ್ಬೈನ್ ಮಾರುವವರೊಬ್ಬರನ್ನು ಕರೆಸಿ ಸ್ಥಳ ತೋರಿಸಿದೆವು. ಅವರು ಹಳ್ಳವನ್ನು ಒಮ್ಮೆ ನೋಡಿದರು, ಮೇಲೂ ಕೆಳಗೂ ನಿಂತು ಮೊಬೈಲಿನಲ್ಲಿ ಎತ್ತರ ನೋಡಿದರು, ‘62 ಮೀಟರ್ ಇದೆ, ಐದು ಕಿಲೋವ್ಯಾಟ್ ನಿಶ್ಚಿಂತೆಯಿಂದ ಬರುತ್ತದೆ’ ಎಂದರು. ಹಣ ಕೊಡುವ ಮೊದಲು ನಾವೇ ಒಮ್ಮೆ ಅಳೆದು ನೋಡೋಣ ಎಂದು ನಾನು ಹಟ ಹಿಡಿದೆ. ಡಿಪ್ಲೊಮಾದಲ್ಲಿ ಸಿವಿಲ್ ಓದಿದ್ದರಿಂದ ಕೇರಿಯವರು ಆ ಹೊಣೆಯನ್ನು ನನಗೇ ವಹಿಸಿದರು. ಅಳೆಯುವುದು ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಅದು ಮುಗಿದದ್ದು ಮುಂದಿನ ವರ್ಷದ ಏಪ್ರಿಲ್ ಕೊನೆಗೆ.

ನೀರಿನಿಂದ ಸಿಗುವ ವಿದ್ಯುತ್ತನ್ನು ನಿರ್ಧರಿಸುವ ಸಂಗತಿಗಳು ಎರಡೇ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದು ಒಂದು, ಅದನ್ನು ಹೆಡ್ ಎನ್ನುತ್ತಾರೆ. ಒಂದು ಸೆಕೆಂಡಿಗೆ ಎಷ್ಟು ಲೀಟರ್ ಬೀಳುತ್ತದೆ ಎಂಬುದು ಇನ್ನೊಂದು, ಅದು ಹರಿವು. ಇವೆರಡನ್ನೂ ಗುಣಿಸಿ, ಗುರುತ್ವದ 9.81 ಎಂಬ ಅಂಕಿಯಿಂದ ಮತ್ತೆ ಗುಣಿಸಿದರೆ ನೀರಿನಲ್ಲಿರುವ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ಟರ್ಬೈನ್ ಮತ್ತು ಜನರೇಟರ್ ಅದರಲ್ಲಿ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾಡುತ್ತವೆ. ಸಣ್ಣ ಘಟಕಗಳಲ್ಲಿ ಆ ಪಾಲು ಸುಮಾರು ಅರ್ಧ. ಆದ್ದರಿಂದ ಮೊದಲ ಅಂದಾಜಿಗೆ ಲೀಟರ್, ಮೀಟರ್ ಮತ್ತು ಐದು, ಈ ಮೂರನ್ನು ಗುಣಿಸಿದರೆ ಸಾಕು. ಸೂತ್ರ ಸುಲಭವಾದದ್ದು. ಅದರೊಳಗೆ ಹಾಕುವ ಎರಡು ಅಂಕಿಗಳನ್ನು ನಂಬುವಂತೆ ಪಡೆಯುವುದರಲ್ಲಿಯೇ ಕಷ್ಟವಿದೆ, ಏಕೆಂದರೆ ಗುಣಾಕಾರದಲ್ಲಿ ಎರಡರ ತಪ್ಪುಗಳೂ ಸೇರಿ ಬೆಳೆಯುತ್ತವೆ.

ಎತ್ತರದಿಂದ ಆರಂಭಿಸಿದೆವು. ಮೊಬೈಲ್ ತೋರಿಸುವ ಎತ್ತರವನ್ನು ಈ ಕೆಲಸಕ್ಕೆ ನಂಬಬಾರದು. ಮರಗಳ ಕೆಳಗೆ, ಕಣಿವೆಯ ಒಳಗೆ ಅದು ಹತ್ತಾರು ಮೀಟರ್ ಹೆಚ್ಚು ಕಡಿಮೆ ತೋರಿಸುತ್ತದೆ. ಸಾವಿರ ಮೀಟರಿನ ಗುಡ್ಡ ಹತ್ತುವವರಿಗೆ ಅದು ದೊಡ್ಡ ತಪ್ಪಲ್ಲ, ನಲವತ್ತು ಐವತ್ತು ಮೀಟರ್ ಅಳೆಯುವವರಿಗೆ ಅದೇ ಸರ್ವನಾಶ. ಮನೆ ಕಟ್ಟುವ ಮೇಸ್ತ್ರಿಗಳು ಬಳಸುವ ಲೆವೆಲ್ ಪೈಪನ್ನೇ ನಾವು ತಂದೆವು: ಇಪ್ಪತ್ತು ಮೀಟರ್ ಉದ್ದದ ಪಾರದರ್ಶಕ ಪೈಪು, ಒಳಗೆ ಕುಂಕುಮ ಬೆರೆಸಿದ ನೀರು. ಎರಡು ನೇರವಾದ ಅಡಿಕೆ ದಬ್ಬೆಗಳ ಮೇಲೆ ಸೆಂಟಿಮೀಟರ್ ಟೇಪು ಅಂಟಿಸಿಕೊಂಡೆವು. ಮೇಲಿನ ದಬ್ಬೆಯನ್ನು ನಾನು ಹಿಡಿದರೆ ಕೆಳಗಿನದನ್ನು ನನ್ನ ಭಾವ ಹಿಡಿದರು. ಪೈಪಿನ ಎರಡು ತುದಿಗಳಲ್ಲಿ ನೀರು ಸಮಮಟ್ಟಕ್ಕೆ ನಿಂತಾಗ ಎರಡೂ ದಬ್ಬೆಗಳ ಅಂಕಿ ಬರೆದುಕೊಂಡು, ಕೆಳಗಿನದರಿಂದ ಮೇಲಿನದನ್ನು ಕಳೆದರೆ ಆ ಹೆಜ್ಜೆಯ ಇಳಿಜಾರು ಸಿಗುತ್ತದೆ. ಬಳಿಕ ಮೇಲಿನವನು ಕೆಳಗಿನವನನ್ನು ದಾಟಿ ಮುಂದಕ್ಕೆ ಹೋಗಬೇಕು. ಕಟ್ಟ ಕಟ್ಟಲು ಒಪ್ಪುವ ಬಂಡೆಯಿಂದ ತೋಟದ ಮೂಲೆಯವರೆಗೆ ಹೀಗೆ ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳಾದವು.

ಇಳಿಯುತ್ತ ಅಳೆದಾಗ ಒಟ್ಟು 45.1 ಮೀಟರ್ ಬಂತು. ಅದೇ ದಾರಿಯಲ್ಲಿ ಹತ್ತುತ್ತ ಅಳೆದಾಗ 43.2 ಬಂತು. ಸುಮಾರು ಎರಡು ಮೀಟರಿನ ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದಾಗ, ಪೈಪಿನ ಒಂದು ಮಡಿಕೆಯಲ್ಲಿ ಬೆರಳುದ್ದದ ಗಾಳಿಗುಳ್ಳೆ ಕುಳಿತಿದ್ದದ್ದು ಕಂಡಿತು. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಎರಡು ತುದಿಗಳ ನೀರು ಸಮಮಟ್ಟ ತೋರಿಸುವುದಿಲ್ಲ, ನೋಡುವವನಿಗೆ ಅದು ತಿಳಿಯುವುದೂ ಇಲ್ಲ. ಆ ಬಳಿಕ ಐದು ಹೆಜ್ಜೆಗೊಮ್ಮೆ ಪೈಪಿನ ಎರಡು ತುದಿಗಳನ್ನೂ ಒಂದೆಡೆ ಜೋಡಿಸಿ ಹಿಡಿದು, ನೀರು ಒಂದೇ ಗೆರೆಗೆ ನಿಲ್ಲುತ್ತದೆಯೇ ಎಂದು ನೋಡಿ ಮುಂದುವರಿದೆವು. ಮೂರನೆಯ ಅಳತೆ 43.3 ಮೀಟರ್ ಬಂದದ್ದರಿಂದ 43.2ನ್ನು ಒಪ್ಪಿಕೊಂಡೆವು. ಇಳಿಯುತ್ತ ಒಮ್ಮೆ, ಹತ್ತುತ್ತ ಒಮ್ಮೆ ಅಳೆಯದಿದ್ದರೆ ಆ ಗುಳ್ಳೆ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇನ್ನೊಂದು ದಾರಿಯಿಂದಲೂ ಈ ಅಂಕಿಯನ್ನು ಪರೀಕ್ಷಿಸಬೇಕೆನಿಸಿತು. ತೋಟಕ್ಕೆ ಬಳಸುವ ಅರ್ಧ ಇಂಚಿನ ಕಪ್ಪು ಪೈಪಿನ ಸುರುಳಿಗಳನ್ನು ಜೋಡಿಸಿ ಬಂಡೆಯ ನೀರಿನಿಂದ ತೋಟದ ಮೂಲೆಯವರೆಗೆ ಎಳೆದು, ಗಾಳಿಯೆಲ್ಲ ಹೊರಹೋಗುವಷ್ಟು ಹೊತ್ತು ನೀರು ಹರಿಯಬಿಟ್ಟು, ಕೊನೆಗೆ ತುದಿಗೆ ಒತ್ತಡದ ಗೇಜ್ ಹಾಕಿ ಮುಚ್ಚಿದೆವು. ಮುಳ್ಳು 4.3 ಕೆ.ಜಿ.ಯ ಬಳಿ ನಿಂತಿತು. ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡವೆಂದರೆ ಹತ್ತು ಮೀಟರ್ ನೀರಿನ ಎತ್ತರ, ಆದ್ದರಿಂದ ಇದು 43 ಮೀಟರ್. ಎರಡು ಬೇರೆ ಬೇರೆ ವಿಧಾನಗಳು ಒಂದೇ ಮಾತು ಹೇಳಿದಾಗ ಮನಸ್ಸಿಗೆ ನೆಮ್ಮದಿಯಾಯಿತು. ಆದರೆ ಆ ದಿನ ಅದಕ್ಕಿಂತ ಮುಖ್ಯವಾದ ಸಂಗತಿಯೊಂದನ್ನು ಗೇಜ್ ತೋರಿಸಿಕೊಟ್ಟಿತು. ಭಾವ ಪಕ್ಕದ ನಲ್ಲಿಯನ್ನು ತಿರುಗಿಸಿ ನೀರು ಬಿಟ್ಟ ಕೂಡಲೇ ಮುಳ್ಳು ಸರ್ರನೆ ಒಂದೂವರೆಗೆ ಇಳಿಯಿತು. ಬೆಟ್ಟ ಅಲ್ಲಿಯೇ ಇತ್ತು, ನೀರೂ ಇತ್ತು. ಆದರೆ ನೀರು ಚಲಿಸತೊಡಗಿದ ಕ್ಷಣದಲ್ಲಿ ಎತ್ತರದ ಬಹುಪಾಲು ಸಣ್ಣ ಪೈಪಿನ ಘರ್ಷಣೆಯಲ್ಲಿ ಕರಗಿಹೋಗಿತ್ತು. ಟರ್ಬೈನಿಗೆ ಸಿಗುವುದು ನಿಂತ ನೀರಿನ ಎತ್ತರವಲ್ಲ, ಹರಿಯುವ ನೀರಿನಲ್ಲಿ ಉಳಿಯುವ ಎತ್ತರ. ಈ ಭೇದವನ್ನು ಆ ಮುಳ್ಳಿನಷ್ಟು ಸ್ಪಷ್ಟವಾಗಿ ನನಗೆ ಯಾವ ಪಾಠವೂ ಕಲಿಸಿರಲಿಲ್ಲ.

ಎತ್ತರದಲ್ಲಿ ಇನ್ನೊಂದು ಕಡಿತವೂ ಇತ್ತು. ತೋಟದ ಮೂಲೆಯಲ್ಲಿ ಹಳ್ಳದ ದಂಡೆಗೆ ಹತ್ತಿಕೊಂಡೇ ಯಂತ್ರದ ಮನೆ ಕಟ್ಟಬೇಕೆಂದಿದ್ದೆವು. ಅಲ್ಲಿನ ಹೊಳೆಮತ್ತಿ ಮರದ ಕೊಂಬೆಗಳಲ್ಲಿ, ದಂಡೆಯಿಂದ ಎರಡೂಕಾಲು ಮೀಟರ್ ಮೇಲೆ, ಒಣಗಿದ ಕಸಕಡ್ಡಿ ಸಿಕ್ಕಿಕೊಂಡದ್ದನ್ನು ಭಾವ ತೋರಿಸಿದರು. ಹಿಂದಿನ ಯಾವುದೋ ಮಳೆಯಲ್ಲಿ ನೀರು ಅಷ್ಟು ಎತ್ತರಕ್ಕೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾವು ಯೋಚಿಸಿದ್ದ ಪೆಲ್ಟನ್ ಟರ್ಬೈನಿನಲ್ಲಿ ನಾಝಲ್‌ನಿಂದ ಚಿಮ್ಮುವ ನೀರಿನ ಧಾರೆ ಬಟ್ಟಲುಗಳಿಗೆ ಬಡಿದು ಚಕ್ರವನ್ನು ತಿರುಗಿಸುತ್ತದೆ. ಬಟ್ಟಲಿನಿಂದ ಕೆಳಗೆ ಬಿದ್ದ ನೀರು ಮತ್ತೇನನ್ನೂ ಕೊಡುವುದಿಲ್ಲವಾದ್ದರಿಂದ ಎತ್ತರವನ್ನು ನಾಝಲ್‌ವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ನೆರೆಯ ಗುರುತಿಗಿಂತ ಮೇಲೆ ನಾಝಲ್ ಬರುವಂತೆ ಜಾಗ ಗುರುತಿಸಿದಾಗ 3.2 ಮೀಟರ್ ಕಳೆದುಕೊಂಡು, ಉಳಿದದ್ದು 40 ಮೀಟರ್. ಮೊಬೈಲಿನ 62 ಹೀಗೆ 40ಕ್ಕೆ ಇಳಿಯಿತು.

ಇನ್ನು ಹರಿವು. ಅದೇ ಸೆಪ್ಟೆಂಬರಿನಲ್ಲಿ ತೇಲುವ ವಸ್ತುವಿನ ವಿಧಾನದಿಂದ ಅಳೆದೆ. ಹಳ್ಳವು ಒಂದೇ ಅಗಲದಲ್ಲಿ ನೇರವಾಗಿ ಹರಿಯುವ ಹತ್ತು ಮೀಟರ್ ಉದ್ದದ ಜಾಗ ಆರಿಸಿಕೊಂಡೆ. ಅಗಲ 1.4 ಮೀಟರ್, ಐದಾರು ಕಡೆ ನೋಡಿದ ಆಳದ ಸರಾಸರಿ 22 ಸೆಂಟಿಮೀಟರ್. ತೇಲಿಬಿಡಲು ಲಿಂಬೆಹಣ್ಣನ್ನು ಆರಿಸಿದೆ, ಅದು ಬಹುಪಾಲು ನೀರಿನೊಳಗೆ ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ. ಹತ್ತು ಸಲ ಬಿಟ್ಟು ನೋಡಿದಾಗ ಹತ್ತು ಮೀಟರ್ ಸಾಗಲು ಸರಾಸರಿ 17 ಸೆಕೆಂಡ್ ಬೇಕಾಯಿತು. ಮೇಲ್ಮೈಯ ನೀರು ಎಲ್ಲಕ್ಕಿಂತ ವೇಗವಾಗಿ ಹರಿಯುತ್ತದೆ, ತಳದ ಕಲ್ಲುಗಳ ನಡುವಿನದು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ಇಂಥ ಕಲ್ಲುಹಳ್ಳದಲ್ಲಿ ಸಿಕ್ಕ ವೇಗವನ್ನು 0.65ರಿಂದ ಗುಣಿಸಬೇಕು. ಹಾಗೆ ಗುಣಿಸಿದ ಬಳಿಕವೂ ಸೆಕೆಂಡಿಗೆ 118 ಲೀಟರ್ ಬಂತು. ನಲವತ್ತು ಮೀಟರಿಗೆ ಅದರ ಶಕ್ತಿ 23 ಕಿಲೋವ್ಯಾಟ್‌ಗೂ ಹೆಚ್ಚು. ಮಾರುವವರು ಹೇಳಿದ ಐದು ಕಿಲೋವ್ಯಾಟ್ ಕಡಿಮೆಯೇ ಆಯಿತಲ್ಲ ಎಂದು ಕೇರಿಯಲ್ಲಿ ಸಂಭ್ರಮವೋ ಸಂಭ್ರಮ.

ಕೊನೆಯ ಮನೆಯ ಅಜ್ಜ ಮಾತ್ರ ಲೆಕ್ಕದ ಹಾಳೆಯನ್ನು ನೋಡಿ, ‘ತಮಾ, ಮಳೆಗಾಲದ ಹಳ್ಳ ನೋಡಿ ಲೆಕ್ಕ ಹಾಕಡ. ಶಿವರಾತ್ರಿಗೆ ಬಂದು ನೋಡು’ ಎಂದರು. ಅವರ ಮಾತು ಎಷ್ಟು ಸರಿಯೆಂದು ತಿಳಿಯಲು ವರ್ಷದ ಉಳಿದ ತಿಂಗಳುಗಳಲ್ಲಿ ನೀರು ಹೇಗೆ ಇಳಿಯುತ್ತದೆ ಎಂಬುದನ್ನು ವಾರವಾರ ಬರೆದಿಡಬೇಕಿತ್ತು. ಅದಕ್ಕೆ ಲಿಂಬೆಹಣ್ಣಿನ ವಿಧಾನ ಸಾಲದು. ನೀರು ತೆಳುವಾದಂತೆ ಆಳದ ಅಳತೆಯಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ದೀಪಾವಳಿಯ ಹೊತ್ತಿಗೆ ಬಂಡೆಯ ಬಳಿ ಹಳ್ಳಕ್ಕೆ ಅಡ್ಡಲಾಗಿ ಪ್ಲೈವುಡ್ ಹಲಗೆಯೊಂದನ್ನು ನಿಲ್ಲಿಸಿದೆವು. ಹಲಗೆಯ ಮೇಲಂಚಿನಿಂದ 25 ಸೆಂಟಿಮೀಟರ್ ಆಳಕ್ಕೆ, 90 ಡಿಗ್ರಿ ಕೋನದಲ್ಲಿ, ‘ವಿ’ ಆಕಾರದ ಕಚ್ಚು ಕೊರೆಸಿದ್ದೆವು. ಕಚ್ಚಿನ ಅಂಚನ್ನು ಕೆಳಹರಿವಿನ ಕಡೆಗೆ ಓರೆಯಾಗಿ ಅರದಿಂದ ಉಜ್ಜಿ ಚೂಪು ಮಾಡಿದ್ದೆವು. ಹಲಗೆಯ ಬುಡದಲ್ಲಿ ಮತ್ತು ಬದಿಗಳಲ್ಲಿ ನೀರು ಸೋರದಂತೆ ಪ್ಲಾಸ್ಟಿಕ್ ಹಾಸಿ ಜೇಡಿಮಣ್ಣು ಮೆತ್ತಿದೆವು. ಹಲಗೆಯ ಹಿಂದೆ ನೀರು ಕೊಳದಂತೆ ಶಾಂತವಾಗಿ ನಿಂತು, ಕಚ್ಚಿನಿಂದ ಆಚೆಗೆ ಧಾರೆಯಾಗಿ ಸ್ವಚ್ಛವಾಗಿ ಬೀಳಬೇಕು. ಧಾರೆ ಹಲಗೆಗೆ ಅಂಟಿಕೊಂಡು ಇಳಿದರೆ ಅಳತೆ ಕೆಟ್ಟಿತೆಂದೇ ಅರ್ಥ. ಕಚ್ಚಿನ ತುದಿಯಿಂದ ನೀರಿನ ಮಟ್ಟ ಎಷ್ಟು ಮೇಲಿದೆ ಎಂಬ ಒಂದೇ ಅಂಕಿ ತಿಳಿದರೆ ಹರಿವು ಸಿಗುತ್ತದೆ:

```
Q = 1.38 × h^2.5
(Q: m³/s, h: m)
```

ಆ ಒಂದೇ ಅಂಕಿಯನ್ನು ನಾನು ಮೊದಲ ಮೂರು ವಾರ ತಪ್ಪಾಗಿ ಓದಿದೆ. ಸ್ಕೇಲನ್ನು ಕಚ್ಚಿನ ಬಾಯಲ್ಲಿಯೇ ಹಿಡಿದು ನೋಡುತ್ತಿದ್ದೆ. ಕಚ್ಚಿನ ಹತ್ತಿರ ಬರುವಾಗ ನೀರು ವೇಗ ಪಡೆದು ಬಾಗುತ್ತದೆ, ಅಲ್ಲಿ ಅದರ ಮಟ್ಟ ಹಿಂದಿನ ಕೊಳಕ್ಕಿಂತ ತಗ್ಗಿರುತ್ತದೆ. ಓದಬೇಕಾದದ್ದು ಹಲಗೆಯಿಂದ ಹಿಂದಕ್ಕೆ, ನೀರಿನ ಆ ಎತ್ತರದ ನಾಲ್ಕು ಪಟ್ಟಾದರೂ ದೂರದಲ್ಲಿ. ಅಲ್ಲಿ ಒಂದು ಗೂಟ ಹೊಡೆದು, ಅದರ ಸೊನ್ನೆಯನ್ನು ಲೆವೆಲ್ ಪೈಪಿನಿಂದ ಕಚ್ಚಿನ ತುದಿಗೆ ಸಮ ಮಾಡಿದ ಮೇಲೆ ಓದು ಸರಿಹೋಯಿತು. ಇದು ಸಣ್ಣ ತಿದ್ದುಪಡಿಯೆಂದು ತೋರಬಹುದು. ಆದರೆ ಸೂತ್ರದಲ್ಲಿ ಎತ್ತರವು ಎರಡೂವರೆ ಘಾತದಲ್ಲಿದೆ. ನಿಜವಾದ ಎತ್ತರ 10 ಸೆಂಟಿಮೀಟರ್ ಇರುವಾಗ 9 ಎಂದು ಓದಿದರೆ ಸೆಕೆಂಡಿಗೆ 4.4 ಲೀಟರ್ ಇರುವುದು 3.4 ಎಂದಾಗುತ್ತದೆ, 11 ಎಂದು ಓದಿದರೆ 5.5 ಆಗುತ್ತದೆ. ಒಂದು ಸೆಂಟಿಮೀಟರಿಗೆ ಕಾಲು ಭಾಗದಷ್ಟು ತಪ್ಪು. ಆದ್ದರಿಂದ ಆ ಬಳಿಕ ಮಿಲಿಮೀಟರಿನವರೆಗೆ ಓದಿ ಬರೆಯುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಗೂಟದ ಮೇಲೆ 19 ಸೆಂಟಿಮೀಟರ್ ಇತ್ತು, ಹರಿವು ಸುಮಾರು 22 ಲೀಟರ್. ಡಿಸೆಂಬರ್ ಮಧ್ಯದಲ್ಲಿ 15 ಸೆಂಟಿಮೀಟರ್, 12 ಲೀಟರ್. ಜನವರಿ ಮಧ್ಯದಲ್ಲಿ 12 ಸೆಂಟಿಮೀಟರ್, ಹತ್ತಿರಹತ್ತಿರ 7 ಲೀಟರ್. ಶಿವರಾತ್ರಿಯ ಸುಮಾರಿಗೆ 10 ಸೆಂಟಿಮೀಟರಿಗೆ ಇಳಿದು 4.4 ಲೀಟರ್ ಆಯಿತು. ಮಾರ್ಚ್ ಕೊನೆಗೆ 2.9, ಏಪ್ರಿಲ್ ಕೊನೆಗೆ ಬರೀ 1.8. ಅಷ್ಟು ಕಡಿಮೆಯಾದಾಗ ಧಾರೆಯ ಕೆಳಗೆ 20 ಲೀಟರಿನ ಬಕೆಟ್ ಹಿಡಿದು ನೋಡಿದೆ, ತುಂಬಲು 11 ಸೆಕೆಂಡ್ ಬೇಕಾಯಿತು. ಅದೂ 1.8 ಲೀಟರೇ. ಇಡೀ ಬೇಸಿಗೆಯ ಅಂಕಿಗಳನ್ನು ನಾನು ನಂಬಿದ್ದು ಆ ಬಕೆಟ್ಟಿನಿಂದ. ಸೆಪ್ಟೆಂಬರಿನ 118 ಲೀಟರಿನ ಹಳ್ಳವೇ ಏಪ್ರಿಲಿನಲ್ಲಿ 1.8 ಲೀಟರಿನ ಹಳ್ಳವೂ ಆಗಿತ್ತು.

ಈ ಎರಡರ ನಡುವೆ ಯಾವ ಹರಿವಿಗೆ ಯಂತ್ರವನ್ನು ಹೊಂದಿಸಬೇಕು? ಅಳತೆಯಲ್ಲಿ ಇಷ್ಟು ದಿನ ಕಳೆದದ್ದು ಈ ಪ್ರಶ್ನೆಗಾಗಿಯೇ. ಪೆಲ್ಟನ್ ಯಂತ್ರಕ್ಕೆ ಅದು ಕೇಳುವಷ್ಟು ನೀರು ಬಾರದಿದ್ದರೆ ಪೈಪಿನ ಮೇಲ್ತುದಿ ಖಾಲಿಯಾಗಿ, ಗಾಳಿ ಎಳೆದುಕೊಂಡು, ಒತ್ತಡ ಕುಸಿಯುತ್ತದೆ. ಆದ್ದರಿಂದ ಇರುವುದಕ್ಕಿಂತ ದೊಡ್ಡ ಯಂತ್ರ ತಂದರೆ ಅದು ನೀರು ತುಂಬಿದ ದಿನಗಳಲ್ಲಿ ಮಾತ್ರ ಓಡುತ್ತದೆ. ಹಳ್ಳದ ಎಲ್ಲ ನೀರೂ ನಮ್ಮದಲ್ಲ ಎಂಬುದನ್ನೂ ನೆನಪಿಡಬೇಕಿತ್ತು. ಕಟ್ಟದಿಂದ ಯಂತ್ರದ ಮನೆಯವರೆಗಿನ ನಡುವಿನ ಹಳ್ಳ ಪೂರ್ತಿ ಒಣಗಬಾರದು, ಅಲ್ಲಿಂದಲೇ ಎರಡು ಮನೆಗಳ ಬಳಕೆಯ ಅಬ್ಬಿ ನೀರೂ ಹೋಗುತ್ತದೆ. ಅದಕ್ಕೆ ಸೆಕೆಂಡಿಗೆ ಒಂದು ಲೀಟರನ್ನು ಮುಟ್ಟಬಾರದೆಂದು ಎಲ್ಲರೂ ಸೇರಿ ಒಪ್ಪಿಕೊಂಡೆವು. ನಾವು ಅಳೆದ ವರ್ಷ ಒಳ್ಳೆಯ ವರ್ಷವೋ ಕೆಟ್ಟ ವರ್ಷವೋ ಎಂಬ ಪ್ರಶ್ನೆಗೆ ಅಜ್ಜನ ಮಳೆ ಪುಸ್ತಕ ನೆರವಾಯಿತು. ನಮ್ಮ ಕಡೆಯ ಅನೇಕ ತೋಟಿಗರಂತೆ ಅವರೂ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆಯನ್ನು ಬರೆಯುತ್ತ ಬಂದವರು. ಇಪ್ಪತ್ತು ವರ್ಷಗಳ ಅವರ ಬರಹದಲ್ಲಿ ಆ ವರ್ಷದ ಮಳೆ ನಡುವಿನದು. ಏಳು ವರ್ಷಗಳಲ್ಲಿ ಅದಕ್ಕಿಂತ ಕಡಿಮೆ ಬಿದ್ದಿತ್ತು. ಹಾಗಾಗಿ ಜನವರಿಯ ಅಂಕಿಯನ್ನು ಕಣ್ಣಿಗೊತ್ತಿಕೊಳ್ಳದೆ, ಬರದ ವರ್ಷದಲ್ಲಿ ಅದು ಡಿಸೆಂಬರಿಗೇ ಬರಬಹುದೆಂದು ಎಣಿಸಿದೆವು.

ಕೊನೆಗೆ ಸೆಕೆಂಡಿಗೆ 6 ಲೀಟರ್ ಎಂದು ನಿರ್ಧರಿಸಿದೆವು, ಅದೂ ತಲಾ 3 ಲೀಟರಿನ ಎರಡು ನಾಝಲ್‌ಗಳಲ್ಲಿ. ಜೂನ್ ಕೊನೆಯಿಂದ ಜನವರಿ ಮಧ್ಯದವರೆಗೆ ಎರಡೂ ತೆರೆದಿರುತ್ತವೆ. ಅಲ್ಲಿಂದ ಮಾರ್ಚ್ ಮೊದಲ ವಾರದವರೆಗೆ ಒಂದನ್ನು ಮುಚ್ಚಿ ಇನ್ನೊಂದರಲ್ಲಿ ನಡೆಸಬಹುದು. ಒಂದೇ ದೊಡ್ಡ ನಾಝಲ್ ಹಾಕಿದ್ದರೆ ಜನವರಿ ಮಧ್ಯಕ್ಕೇ ಯಂತ್ರ ನಿಲ್ಲುತ್ತಿತ್ತು. ಕರೆಂಟು ಹೆಚ್ಚಾಗಿ ಹೋಗುವುದು ಮಳೆಗಾಲದಲ್ಲಿ, ಆಗ ಹಳ್ಳದಲ್ಲಿ ನೀರಿಗೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಕಂಬದ ಲೈನು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಈ ಹೊಂದಾಣಿಕೆ ಇಲ್ಲದ ಊರಿನಲ್ಲಾಗಿದ್ದರೆ ಏಪ್ರಿಲಿನ ಹರಿವನ್ನೇ ಹಿಡಿದು ಲೆಕ್ಕ ಹಾಕಬೇಕಾಗುತ್ತಿತ್ತು, ಆಗ ಆರು ಮನೆಗಳ ದೀಪಗಳಿಗೂ ಸಾಲುತ್ತಿರಲಿಲ್ಲ.

ಪೈಪಿನ ದಪ್ಪವನ್ನು ಆರಿಸುವಾಗ ಅರ್ಧ ಇಂಚಿನ ಪೈಪಿನ ಗೇಜಿನ ಮುಳ್ಳು ನನ್ನ ಕಣ್ಣ ಮುಂದೆ ಇತ್ತು. ಕಟ್ಟದಿಂದ ನಾಝಲ್‌ವರೆಗೆ ಇಳಿಜಾರಿನ ಉದ್ದ 180 ಮೀಟರ್. ಸೆಕೆಂಡಿಗೆ 6 ಲೀಟರ್ ಹರಿಯುವಾಗ 63 ಮಿಲಿಮೀಟರಿನ ಎಚ್‌ಡಿಪಿಇ ಪೈಪಿನಲ್ಲಿ ಘರ್ಷಣೆಗೆ ಹೋಗುವ ಎತ್ತರ ಸುಮಾರು 21 ಮೀಟರ್, ಅಂದರೆ ನಮ್ಮ ನಲವತ್ತರಲ್ಲಿ ಅರ್ಧಕ್ಕೂ ಹೆಚ್ಚು. 75 ಮಿಲಿಮೀಟರಿನಲ್ಲಿ ಸುಮಾರು 9 ಮೀಟರ್ ಹೋಗುತ್ತದೆ, 90ರಲ್ಲಿ 3.7, 110ರಲ್ಲಿ 1.4. ಪೈಪಿನ ವ್ಯಾಸ ಸ್ವಲ್ಪವೇ ಹೆಚ್ಚಿದರೂ ನಷ್ಟ ಇಷ್ಟು ಬೇಗ ಇಳಿಯುವುದಕ್ಕೆ ಕಾರಣವಿದೆ. ಘರ್ಷಣೆಯ ನಷ್ಟ ಒಳವ್ಯಾಸದ ಹೆಚ್ಚುಕಡಿಮೆ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಇಲ್ಲಿ ಹೊರವ್ಯಾಸವನ್ನಲ್ಲ, ಗೋಡೆಯ ದಪ್ಪ ಕಳೆದ ಒಳವ್ಯಾಸವನ್ನು ಹಿಡಿಯಬೇಕು. 90 ಮಿಲಿಮೀಟರಿನ ಪೈಪಿಗೆ ಒಳಗೆ 79 ಮಾತ್ರ ಇರುತ್ತದೆ. ನಾನು ಮೊದಲು 90 ಎಂದೇ ಹಾಕಿ ನಷ್ಟವನ್ನು ಅರ್ಧದಷ್ಟು ಕಡಿಮೆ ಲೆಕ್ಕ ಮಾಡಿದ್ದೆ.

ಜಾಲರಿಗೂ ಬೆಂಡುಗಳಿಗೂ ಅರ್ಧ ಮೀಟರ್ ಬಿಟ್ಟು ನೋಡಿದರೆ, 63ರ ಪೈಪಿನಲ್ಲಿ ಸಿಗುವ ವಿದ್ಯುತ್ 570 ವ್ಯಾಟ್, 75ರಲ್ಲಿ 950, 90ರಲ್ಲಿ 1,120, 110ರಲ್ಲಿ 1,190. ಕೊನೆಯ 70 ವ್ಯಾಟ್‌ಗಾಗಿ ಒಂದೂವರೆ ಪಟ್ಟು ಪ್ಲಾಸ್ಟಿಕ್ ಕೊಳ್ಳಬೇಕಾಗುತ್ತದೆ. ಹಾಗಾಗಿ 90ನ್ನು ಆರಿಸಿದೆವು, ನಿಂತ ನೀರಿನ ಒತ್ತಡ 4 ಕೆ.ಜಿ. ಇರುವುದರಿಂದ 6 ಕೆ.ಜಿ. ತಡೆಯುವ ದರ್ಜೆಯದು. ಈ ಎರಡು ಕೆ.ಜಿ.ಯ ಅಂತರ ಅನಗತ್ಯವೆಂದು ಯಾರಿಗಾದರೂ ತೋರಬಹುದು. ಆದರೆ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ 180 ಮೀಟರ್ ಉದ್ದದ ಓಡುವ ನೀರು ಥಟ್ಟನೆ ನಿಂತು ಪೈಪನ್ನು ಬಡಿಯುತ್ತದೆ, ಆಗ ಒತ್ತಡ ಎಷ್ಟೋ ಮೇಲೇರುತ್ತದೆ. ನಮ್ಮಲ್ಲಿ ವಾಲ್ವ್ ಮುಚ್ಚಲು ಅರ್ಧ ನಿಮಿಷವಾದರೂ ತೆಗೆದುಕೊಳ್ಳಬೇಕೆಂಬ ನಿಯಮವಿದೆ.

1,120 ಎಂಬ ಅಂಕಿ ಬಂದ ಬಗೆಯನ್ನು ಬಿಡಿಸಿ ಹೇಳುತ್ತೇನೆ. 40ರಲ್ಲಿ 3.7 ಮತ್ತು 0.5 ಕಳೆದರೆ ಉಳಿಯುವ ಎತ್ತರ 35.8 ಮೀಟರ್. ಅದನ್ನು 6ರಿಂದಲೂ 9.81ರಿಂದಲೂ ಗುಣಿಸಿದರೆ ನಾಝಲ್‌ನ ಬಳಿ ನೀರಿನಲ್ಲಿ ಸುಮಾರು 2,100 ವ್ಯಾಟ್ ಇದೆ. ಆ ಗಾತ್ರದ ಪೆಲ್ಟನ್ ಚಕ್ರ ಅದರಲ್ಲಿ ನೂರಕ್ಕೆ 68ರಷ್ಟನ್ನು ಶಾಫ್ಟಿಗೆ ಕೊಡುತ್ತದೆಂದೂ ಜನರೇಟರ್ ಅದರಲ್ಲಿ ನೂರಕ್ಕೆ 78ನ್ನು ವಿದ್ಯುತ್ತಾಗಿಸುತ್ತದೆಂದೂ ಹಿಡಿದೆ. ಎರಡನ್ನೂ ಗುಣಿಸಿದರೆ ನೂರಕ್ಕೆ 53. ದೊಡ್ಡ ವಿದ್ಯುದಾಗಾರಗಳ ಟರ್ಬೈನುಗಳು ನೂರಕ್ಕೆ ತೊಂಬತ್ತರಷ್ಟು ದಕ್ಷತೆ ಮುಟ್ಟುತ್ತವೆ. ಮಾರುವವರು ಆ ಅಂಕಿಯನ್ನು ಸಣ್ಣ ಚಕ್ರಕ್ಕೂ ಅನ್ವಯಿಸಿ ಹೇಳಿದಾಗ ನಂಬಬಾರದು. ಯಂತ್ರದ ಮನೆಯಿಂದ ಕೇರಿಗೆ 400 ಮೀಟರ್ ತಂತಿ ಎಳೆಯಬೇಕಿತ್ತು. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಯಲ್ಲಿ ಹೋಗಿಬರುವ ದಾರಿಯಲ್ಲಿ ಇನ್ನೂ 60 ವ್ಯಾಟ್ ಕಳೆಯುತ್ತದೆ. ಮನೆಗೆ ಸಿಗುವುದು ಸುಮಾರು 175 ವ್ಯಾಟ್: ಎಲ್ಇಡಿ ದೀಪಗಳು, ಟಿವಿ, ಮೊಬೈಲ್ ಚಾರ್ಜು, ಇಂಟರ್ನೆಟ್ಟಿನ ಪೆಟ್ಟಿಗೆ. ಮಿಕ್ಸರ್ ಹಾಕುವುದಾದರೆ ಸರದಿಯಲ್ಲಿ ಹಾಕಬೇಕು. ಐದು ಕಿಲೋವ್ಯಾಟ್ ಎಂದು ನಂಬಿದ್ದ ಸಭೆಯಲ್ಲಿ ಇದನ್ನು ಹೇಳಿದ ದಿನ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜನೇ, ‘ಹೇಳಿದಷ್ಟು ಬಂದರೆ ಸಾಕು’ ಎಂದರು.

ಚಕ್ರದ ಅಳತೆಯೂ ಎತ್ತರದಿಂದಲೇ ನಿರ್ಧಾರವಾಗುತ್ತದೆ. 36 ಮೀಟರಿನ ಒತ್ತಡದಿಂದ ನೀರು ನಾಝಲ್‌ನಲ್ಲಿ ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಬಟ್ಟಲುಗಳು ಅದರ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಓಡಿದರೆ ಹೆಚ್ಚು ಶಕ್ತಿ ದಕ್ಕುತ್ತದೆ. ಜನರೇಟರ್ ನಿಮಿಷಕ್ಕೆ 1,500 ಸುತ್ತಿನದಾದರೆ, ಬಟ್ಟಲುಗಳ ನಡುವೃತ್ತದ ವ್ಯಾಸ 15 ಸೆಂಟಿಮೀಟರ್ ಇರಬೇಕು. ಧಾರೆಯ ದಪ್ಪ 12 ಮಿಲಿಮೀಟರ್. 62 ಮೀಟರ್ ಎಂದು ನಂಬಿ ಚಕ್ರ ತಂದಿದ್ದರೆ ಅದು ನಮ್ಮ ಒತ್ತಡಕ್ಕೆ ತಾಳೆಯಾಗದೆ ನಿಧಾನವಾಗಿ ಸುತ್ತುತ್ತಿತ್ತು, ಅದನ್ನು ಮತ್ತೆ ಬದಲಿಸುವ ಖರ್ಚು ನಮ್ಮ ಮೇಲೆಯೇ ಬೀಳುತ್ತಿತ್ತು.

ಮುಂದಿನ ಮಳೆಗಾಲ ಮುಗಿಯುತ್ತಿದ್ದಂತೆ ಎಲ್ಲವನ್ನೂ ಜೋಡಿಸಿದೆವು. ಅಂದಾಜು ಸರಿಯೇ ಎಂದು ನೋಡಲು, ಅದೇ ವಿ-ಕಚ್ಚಿನ ಹಲಗೆಯನ್ನು ತಂದು ಯಂತ್ರದಿಂದ ಹೊರಬೀಳುವ ನೀರಿನ ಕಾಲುವೆಗೆ ಅಡ್ಡ ಇಟ್ಟೆವು. ಎತ್ತರ 11.4 ಸೆಂಟಿಮೀಟರ್, ಹರಿವು ಸೆಕೆಂಡಿಗೆ 6 ಲೀಟರಿಗಿಂತ ತುಸು ಮೇಲೆ. ವಾಲ್ವ್ ಮುಚ್ಚಿದಾಗ ಗೇಜ್ 4.0 ತೋರಿಸಿತು, ಎರಡೂ ನಾಝಲ್ ತೆರೆದಾಗ 3.5. ಅಂದರೆ ನಷ್ಟ 5 ಮೀಟರ್, ನಾವೆಣಿಸಿದ್ದು 4.2. ಎರಡು ನಾಝಲ್‌ಗಳಿಗೆ ಪೈಪು ಕವಲೊಡೆಯುವ ಜಾಗವನ್ನು ನಾನು ಲೆಕ್ಕದಲ್ಲಿ ಬಿಟ್ಟಿದ್ದೆ. ಜನರೇಟರಿನ ಮೇಲೆ ಹೀಟರ್ ಮತ್ತು ಹಳೆಯ ತಂತಿ ಬಲ್ಬುಗಳ ಹೊರೆ ಹಾಕಿ ಮೀಟರ್ ನೋಡಿದರೆ 980 ವ್ಯಾಟ್ ಬಂತು. ಒಂದು ಧಾರೆ ಬಟ್ಟಲಿನ ನಡುವೆ ಎದ್ದ ಅಂಚಿಗೆ ಬಡಿಯದೆ ಒಂದು ಬದಿಗೆ ಬೀಳುತ್ತಿತ್ತು, ಹೊರಬೀಳುವ ನೀರು ಒಂದೇ ಮಗ್ಗುಲಿಗೆ ಸಿಡಿಯುತ್ತಿದ್ದದ್ದರಿಂದ ಅದು ತಿಳಿಯಿತು. ನಾಝಲ್‌ನ ಕೆಳಗೆ ತೆಳುವಾದ ತಗಡು ಕೊಟ್ಟು ಸರಿಪಡಿಸಿದ ಮೇಲೆ 1,050 ಆಯಿತು. 1,120ಕ್ಕೆ 1,050 ಬಂದರೆ ಅಂದಾಜು ಹಾಕಿದವನಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಆ ಗೇಜನ್ನು ನಾವು ತೆಗೆಯಲಿಲ್ಲ. ದಿನನಿತ್ಯದ ರೋಗಪತ್ತೆಗೆ ಅದೇ ಸಾಧನವಾಯಿತು. ವಿದ್ಯುತ್ ಕಡಿಮೆಯಾದಾಗ ಮುಳ್ಳೂ ಇಳಿದಿದ್ದರೆ ತೊಂದರೆ ಮೇಲಿದೆ ಎಂದರ್ಥ: ಕಟ್ಟದ ಜಾಲರಿಗೆ ಎಲೆ ಕಟ್ಟಿಕೊಂಡಿರುತ್ತದೆ, ಮುಳ್ಳು ನಡುಗುತ್ತಿದ್ದರೆ ಪೈಪು ಗಾಳಿ ಎಳೆಯುತ್ತಿರುತ್ತದೆ. ವಿದ್ಯುತ್ ಕಡಿಮೆಯಾಗಿ ಮುಳ್ಳು ಮೇಲೇರಿದ್ದರೆ ತೊಂದರೆ ಕೆಳಗಿದೆ: ನಾಝಲ್‌ನಲ್ಲಿ ಕಲ್ಲೋ ಕಡ್ಡಿಯೋ ಸಿಕ್ಕಿ, ನೀರು ಕಡಿಮೆ ಹರಿದು, ಘರ್ಷಣೆಯೂ ಕಡಿಮೆಯಾಗಿ ಒತ್ತಡ ನಿಂತ ನೀರಿನ ಮಟ್ಟದ ಕಡೆಗೆ ಏರಿರುತ್ತದೆ. ಇದು ತಿಳಿಯುವ ಮುಂಚೆ ಮಳೆಯ ರಾತ್ರಿಗಳಲ್ಲಿ ಸುಮ್ಮನೆ ಬಂಡೆಯವರೆಗೆ ಹತ್ತಿ ಇಳಿದದ್ದು ಎಷ್ಟು ಸಲವೋ.

ಹಲಗೆಯನ್ನು ಮತ್ತೆ ಬಂಡೆಯ ಬಳಿ ನಿಲ್ಲಿಸಿ, ವಾರಕ್ಕೊಮ್ಮೆ ಗೂಟದ ಅಂಕಿಯನ್ನು ಬರೆಯುವುದನ್ನು ಮುಂದುವರಿಸಿದ್ದೇವೆ. ಮಾರ್ಚ್ ತಿಂಗಳಲ್ಲಿಯೂ ಸಂಜೆ ಆರು ಗಂಟೆಗಳ ಕಾಲ ಒಂದು ನಾಝಲ್ ನಡೆಸಬೇಕಾದರೆ ಕಟ್ಟದ ಬಳಿ 25 ಸಾವಿರ ಲೀಟರಿನ ತೊಟ್ಟಿ ಬೇಕು. ಆ ತಿಂಗಳ ಕೊನೆಯಲ್ಲಿ ನಮಗೆ ದಕ್ಕುವ 1.9 ಲೀಟರಿನಿಂದ ಅದು ನಾಲ್ಕು ಗಂಟೆಯೊಳಗೆ ತುಂಬುತ್ತದೆ. ಅದಕ್ಕೆ ಜಾಗ ಗುರುತಿಸಿ ಇಟ್ಟಿದ್ದೇವೆ. ಈ ವರ್ಷ ನವೆಂಬರಿನ ಮಳೆ ಕೈಕೊಟ್ಟದ್ದರಿಂದ ಗೂಟದ ಮೇಲೆ ನೀರು ಡಿಸೆಂಬರ್ ಕೊನೆಗೇ 12 ಸೆಂಟಿಮೀಟರಿಗೆ ಇಳಿಯಿತು. ಹೊಸ ವರ್ಷದ ಮೊದಲ ವಾರದಲ್ಲಿ ಭಾವ ಎರಡನೆಯ ನಾಝಲ್ ಮುಚ್ಚಿ ಬಂದರು.